ಎಸ್.ಪಿ. ರಸ್ತೆಯ ಅಂಗಡಿಗೆ ಬಂದ ಜಿಎಸ್‌ಟಿ ನೋಟಿಸು

ನಮಸ್ಕಾರ ಅಣ್ಣ,

ಬೆಳಿಗ್ಗೆ ನೀವು ಕಳಿಸಿದ ಮೆಸೇಜ್ ನೋಡಿ ಪೋರ್ಟಲ್ ತೆರೆದೆ. ನೋಟಿಸು ನಿಜವಾದದ್ದೇ. `View Additional Notices/Orders` ಒಳಗಿದೆ, ನಮೂನೆ ASMT-10. ಇದು ದಂಡದ ಆದೇಶವಲ್ಲ. ರಿಟರ್ನ್‌ನಲ್ಲಿ ಕಂಡ ವ್ಯತ್ಯಾಸಕ್ಕೆ ವಿವರಣೆ ಕೇಳಿದ್ದಾರೆ, 30 ದಿನ ಕೊಟ್ಟಿದ್ದಾರೆ. ಗಾಬರಿ ಬೇಡ, ಆದರೆ ಸುಮ್ಮನೆ ಕೂರುವುದೂ ಬೇಡ.

2023-24ರಲ್ಲಿ ನಾವು ನಮ್ಮ ರಿಟರ್ನ್ GSTR-3Bಯಲ್ಲಿ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯ ಕ್ರೆಡಿಟ್, ಸಪ್ಲೈಯರ್‌ಗಳ ರಿಟರ್ನ್‌ನಿಂದ ಪೋರ್ಟಲ್ ತಯಾರಿಸುವ GSTR-2Bಯಲ್ಲಿ ಬಂದಿದ್ದಕ್ಕಿಂತ ₹61,200 ಜಾಸ್ತಿ. ಇಡೀ ವರ್ಷದ್ದನ್ನು ಬಿಲ್‌ವಾರು ತಾಳೆ ನೋಡಿದೆ. ಮೂರು ಕಡೆ ಸಿಕ್ಕಿತು.

ಮೊದಲನೆಯದು ₹36,000. ಕೇಬಲ್ ಸಪ್ಲೈಯರ್ ಮಾರ್ಚ್ 2024ರ ಎರಡು ಬಿಲ್‌ಗಳನ್ನು ಜೂನ್‌ನಲ್ಲಿ ತೋರಿಸಿದ್ದಾರೆ. ಹಾಗಾಗಿ ಅವು ಮುಂದಿನ ವರ್ಷದ 2Bಗೆ ಹೋಗಿವೆ. ಆ ವರ್ಷದ ಬಿಲ್‌ಗಳ ಕ್ರೆಡಿಟ್‌ಗೆ 2024ರ ನವೆಂಬರ್ 30ರವರೆಗೆ ಅವಕಾಶವಿತ್ತು. ಹಾಗಾಗಿ ಈ ಹಣ ನಿಮ್ಮದೇ, ಮೂರು ತಿಂಗಳು ಮುಂಚೆ ತೆಗೆದುಕೊಂಡೆವು ಅಷ್ಟೇ. ಇದಕ್ಕೆ ಆ ಎರಡು ಬಿಲ್, ಅವುಗಳ ಇ-ವೇ ಬಿಲ್, ಲಾರಿ ರಸೀದಿ, ಹಣ ಕೊಟ್ಟಿದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಬಿಲ್ ತಾರೀಖಿನಿಂದ 180 ದಿನದೊಳಗೆ ಹಣ ಹೋಗಿರಬೇಕು, ಅದನ್ನೂ ನೋಡಿಕೊಳ್ಳಿ.

ಎರಡನೆಯದು ₹18,000. ವಾಪಸ್ ಕಳಿಸಿದ ಒಂದು ಲಕ್ಷದ ಸ್ವಿಚ್ ಮಾಲಿಗೆ ಅದನ್ನು ಕೊಟ್ಟವರು ಕ್ರೆಡಿಟ್ ನೋಟ್ ಹಾಕಿದ್ದಾರೆ, ನಮ್ಮ ಕಡೆ ಕ್ರೆಡಿಟ್ ಕಡಿಮೆ ಮಾಡಿಲ್ಲ. ಇದಕ್ಕೆ ವಾದವಿಲ್ಲ, ಕಟ್ಟಬೇಕು. ಕ್ರೆಡಿಟ್ ನೋಟಿನ ಪ್ರತಿ ಕಳಿಸಿ.

ಉಳಿದ ₹7,200 ಬೇಜಾರಿನ ವಿಷಯ. ಆ ಪೈಪ್ ವ್ಯಾಪಾರಿ ರಿಟರ್ನೇ ಹಾಕಿಲ್ಲ. ತೆರಿಗೆ ಸೇರಿಸಿ ಅವರಿಗೆ ಪೂರ್ತಿ ಹಣ ಕೊಟ್ಟಿದ್ದೀರಿ, ಆದರೂ 2022ರ ಜನವರಿಯಿಂದ ಬಿಲ್ 2Bಯಲ್ಲಿ ಬರದೆ ಕ್ರೆಡಿಟ್ ಸಿಗುವುದಿಲ್ಲ. ತೆರಿಗೆ ಕಟ್ಟಿದ್ದೇವೆ ಎಂದು ಅವರಿಂದ ಪತ್ರ ಬರೆಸಿಕೊಂಡರೆ ಸಾಕು ಎಂದು ಯಾರಾದರೂ ಹೇಳಬಹುದು. ಅದು ಹಳೆಯ ವರ್ಷಗಳಿಗಿದ್ದ ಸೌಲಭ್ಯ, 2023-24ಕ್ಕೆ ನಡೆಯುವುದಿಲ್ಲ. ಅವರಿಗೆ ಬೇರೆ ಬಿಲ್‌ಗಳ ಬಾಕಿ ಕೊಡುವುದಿದ್ದರೆ ಈ ಮೊತ್ತ ಹಿಡಿದುಕೊಳ್ಳಿ.

ಅಂದರೆ ಕಟ್ಟಬೇಕಾದ ತೆರಿಗೆ ₹25,200. ಬಡ್ಡಿ ವರ್ಷಕ್ಕೆ 18%, ಆದರೆ ತಪ್ಪಾಗಿ ತೆಗೆದ ಕ್ರೆಡಿಟ್ ಬಳಸಿದ್ದರೆ ಮಾತ್ರ. ಕ್ರೆಡಿಟ್ ಲೆಡ್ಜರ್‌ನ ಬಾಕಿ ಎಂದೂ ಆ ಮೊತ್ತಕ್ಕಿಂತ ಕೆಳಗಿಳಿಯದಿದ್ದರೆ ಬಡ್ಡಿಯಿಲ್ಲ. ಆ ₹36,000ಕ್ಕೂ ಇದೇ ಲೆಕ್ಕ, ಮಧ್ಯದ ತಿಂಗಳುಗಳಿಗೆ ಮಾತ್ರ. ಲೆಡ್ಜರ್ ನಾನೇ ಇಳಿಸಿಕೊಂಡು ನೋಡುತ್ತೇನೆ. ತೆರಿಗೆಯನ್ನು ನಾವಾಗಿಯೇ ಕಟ್ಟುವ ನಮೂನೆ DRC-03ರಲ್ಲಿ ಕ್ರೆಡಿಟ್‌ನಿಂದಲೇ ಕಟ್ಟಬಹುದು, ಬಡ್ಡಿ ಬಂದರೆ ಅದಕ್ಕೆ ನಗದೇ ಬೇಕು. ಶೋಕಾಸ್ ನೋಟಿಸು ಬರುವ ಮೊದಲೇ ಬಡ್ಡಿ ಸಮೇತ ಕಟ್ಟಿದರೆ ದಂಡ ಬೀಳುವುದಿಲ್ಲ.

ಬಿಲ್‌ಗಳ ಫೋಟೊ ಬೇಡ, ಸ್ಕ್ಯಾನ್ ಮಾಡಿಸಿ. ಹೋದ ಸಲದ ಪ್ರತಿಗಳಲ್ಲಿ ಮೇಲಿನ ಜಿಎಸ್‌ಟಿ ನಂಬರ್ ಅರ್ಧ ಕತ್ತರಿಸಿ ಹೋಗಿತ್ತು. ಶನಿವಾರದೊಳಗೆ ಕೊಟ್ಟರೆ ASMT-11ರಲ್ಲಿ ಉತ್ತರ ಹಾಕುತ್ತೇನೆ. ಅಧಿಕಾರಿ ಒಪ್ಪಿದರೆ ASMT-12ರಲ್ಲಿ ಒಪ್ಪಿಗೆಯ ಆದೇಶ ಬರುತ್ತದೆ. ಅದನ್ನು ಅಂಗಡಿ ಫೈಲಿಗೆ ಹಾಕಿಡಿ.