‘ಅವರಿಗೆ ಎಷ್ಟು ಕೊಟ್ರಿ ಸಾರ್?’

ಕಾಫಿಪುಡಿಯ ಜಾಹೀರಾತು ಮುಗಿಸಿ ಕೊಟ್ಟ ಮರುದಿನ ಗಿರಾಕಿ ಫೋನ್ ಮಾಡಿದರು. ದನಿಯಲ್ಲಿ ಖುಷಿಯೋ ಖುಷಿ. ‘ಮೇಡಂ, ತುಮಕೂರಿನ ಡೀಲರ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಾರೆ. ಅವರನ್ನೇ ಕರೆಸಿಬಿಟ್ರಾ, ಎಷ್ಟು ಕೊಟ್ರಿ ಸಾರ್ ಅಂತ ಕೇಳ್ತಿದ್ದಾರೆ!’ ಅಂದರು. ‘ಅವರು’ ಅಂದರೆ ಕನ್ನಡದ ಒಬ್ಬ ದೊಡ್ಡ ನಟ. ನಾನು ಕೈಯಲ್ಲಿದ್ದ ಟೀ ಕೆಳಗಿಟ್ಟೆ.

ನಮ್ಮದು ಬೆಂಗಳೂರಿನ ಸಣ್ಣ ಸ್ಟುಡಿಯೋ. ಅಂಗಡಿ, ಮಸಾಲೆಪುಡಿ, ಚಿಟ್ ಫಂಡ್ ಇಂಥವಕ್ಕೆ 20 ಸೆಕೆಂಡಿನ ಜಾಹೀರಾತು ಮಾಡುತ್ತೇವೆ. ಎರಡು ವರ್ಷದಿಂದ ಅರ್ಧಕ್ಕರ್ಧ ಶಾಟ್‌ಗಳು ಕ್ಯಾಮೆರಾದಿಂದಲ್ಲ, ಪ್ರಾಂಪ್ಟ್ ಬರೆದು ವಿಡಿಯೋ ಹುಟ್ಟಿಸುವ ಸಾಫ್ಟ್‌ವೇರ್‌ನಿಂದ ಬರುತ್ತಿವೆ. ಶಾಟ್‌ಗಳನ್ನು ಕೊನೆಯಲ್ಲಿ ನೋಡಿ ಹೊರಗೆ ಬಿಡುವವಳು ನಾನು. ಅಂದರೆ ಈ ತಪ್ಪಿನಲ್ಲಿ ನನ್ನ ಪಾಲು ದೊಡ್ಡದೇ.

ಜಾಹೀರಾತಿನಲ್ಲಿದ್ದವನು ಆ ನಟ ಅಲ್ಲ. ಅಂಥ ಮನುಷ್ಯ ಎಲ್ಲೂ ಇಲ್ಲ. ಆದರೆ ಮೀಸೆ, ಕಣ್ಣು ಕಿರಿದು ಮಾಡಿ ನಗುವ ರೀತಿ, ಖಾಕಿ ಅಂಗಿಯ ಕಾಲರ್ ಹಿಂದಕ್ಕೆ ಎಳೆದುಕೊಳ್ಳುವ ಚಾಳಿ ಎಲ್ಲ ಅವರದೇ. ನಮ್ಮ ಸ್ಕ್ರಿಪ್ಟ್ ಹುಡುಗನನ್ನು ಕೂರಿಸಿಕೊಂಡು ಪ್ರಾಂಪ್ಟ್ ಹಿಸ್ಟರಿ ತೆಗೆಸಿದೆ. ಮೊದಲ ಸಲ ನಟನ ಹೆಸರನ್ನೇ ಬರೆದಿದ್ದಾನೆ, ಸಾಫ್ಟ್‌ವೇರ್ ನಿರಾಕರಿಸಿದೆ. ಆಮೇಲೆ ಹೆಸರು ತೆಗೆದು ಹೀಗೆ ಬರೆದಿದ್ದಾನೆ:

```
auto driver, khaki shirt, thick moustache,
famous Kannada superstar look, signature collar pull,
holding green coffee shop cup
```

ಇದು ಸಲೀಸಾಗಿ ದಾಟಿಕೊಂಡಿತು. ‘ಫಿಲ್ಟರೇ ಬಿಟ್ಟಿದೆಯಲ್ಲ ಮೇಡಂ’ ಅಂದ. ಇಲ್ಲೇ ಎಲ್ಲರೂ ಜಾರುವುದು. ಆ ಫಿಲ್ಟರ್ ಇರುವುದು ಸಾಫ್ಟ್‌ವೇರ್ ಕಂಪನಿ ತನ್ನ ಮೈ ಕಾಪಾಡಿಕೊಳ್ಳಲು. ಅದು ಹೆಚ್ಚಾಗಿ ಹಿಡಿಯುವುದು ಹೆಸರನ್ನು. ವರ್ಣನೆ ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಕೋರ್ಟು ನೋಡುವುದಾದರೋ ಪರದೆಯ ಮೇಲೆ ಏನು ಕಂಡಿತು ಅನ್ನುವುದನ್ನು. ಅದಕ್ಕಿಂತ ಕೆಟ್ಟದ್ದೆಂದರೆ ಆ ಹಿಸ್ಟರಿ ಖಾತೆಯಲ್ಲೇ ಉಳಿದಿರುತ್ತದೆ. ಮೊದಲ ಸಾಲಿನಲ್ಲಿ ಹೆಸರು, ಎರಡನೆಯದರಲ್ಲಿ ಹೆಸರಿಲ್ಲದ ಅದೇ ಮನುಷ್ಯ. ‘ಆಕಸ್ಮಿಕವಾಗಿ ಹೋಲಿಕೆ ಬಂತು’ ಅಂತ ಹೇಳೋಣವೆಂದರೆ ನಮ್ಮ ಕೈಬರಹವೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

‘ಇದು ಅವರ ಫೋಟೋ ಅಲ್ಲವಲ್ಲ’ ಎನ್ನುವ ವಾದ ಹೊಸದೇನಲ್ಲ. 1980ರ ದಶಕದಲ್ಲೇ ನ್ಯೂಯಾರ್ಕಿನಲ್ಲಿ ಡಿಯೋರ್ ಕಂಪನಿಯ ಜಾಹೀರಾತಿಗೆ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಪತ್ನಿ ಜಾಕ್ವೆಲಿನ್ ಕೆನಡಿ ಒನಾಸಿಸ್‌ರನ್ನು ಹೋಲುವ ಬೇರೊಬ್ಬ ಹೆಂಗಸನ್ನು ನಿಲ್ಲಿಸಿದ್ದರು. ಒನಾಸಿಸ್ ಕೋರ್ಟಿಗೆ ಹೋಗಿ ಅದನ್ನು ತಡೆಸಿದರು. ನಮ್ಮಲ್ಲಿ 2012ರಲ್ಲಿ ಟೈಟನ್ ಕಂಪನಿ ಒಬ್ಬ ಆಭರಣ ವ್ಯಾಪಾರಿಯ ಮೇಲೆ ಹೂಡಿದ ಮೊಕದ್ದಮೆಯಿದೆ. ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ತನಿಷ್ಕ್ ಜಾಹೀರಾತಿನ ಚಿತ್ರವನ್ನು ಆ ಅಂಗಡಿಯವರು ತಮ್ಮ ಹೋರ್ಡಿಂಗ್‌ಗೆ ಹಾಕಿಕೊಂಡಿದ್ದರು. ಪ್ರಸಿದ್ಧ ವ್ಯಕ್ತಿ ಯಾರೆಂದು ಗುರುತು ಸಿಗುವಂತಿದ್ದರೆ ಜನ ಮೋಸಹೋದರು, ಗೊಂದಲಗೊಂಡರು ಎಂದು ಬೇರೆ ಸಾಬೀತುಪಡಿಸಬೇಕಾಗಿಲ್ಲ ಎಂದು ದೆಹಲಿ ಹೈಕೋರ್ಟ್ ಅದರಲ್ಲಿ ಹೇಳಿತು. ಕೆಳಗೆ ಸಣ್ಣಕ್ಷರದಲ್ಲಿ ‘ಪಾತ್ರ ಕಾಲ್ಪನಿಕ’ ಎಂದು ಹಾಕಿ ಪಾರಾಗುವ ನಮ್ಮ ಗಿರಾಕಿಯ ಉಪಾಯಕ್ಕೆ ಅಲ್ಲೇ ನೀರು ಬಿತ್ತು. 2023ರಲ್ಲಿ ಅನಿಲ್ ಕಪೂರ್ ಪ್ರಕರಣದಲ್ಲಿ ಅದೇ ಕೋರ್ಟು ಅವರ ಹೆಸರು, ಮುಖ, ದನಿ, ‘ಝಕಾಸ್’ ಎನ್ನುವ ಮಾತಿನವರೆಗೂ ರಕ್ಷಣೆ ಕೊಟ್ಟು, ಎಐ ಬಳಸಿ ಮಾಡಿದ್ದನ್ನೂ ಅದರೊಳಗೆ ಸೇರಿಸಿತು. ಕಾಲರ್ ಎಳೆಯುವ ಚಾಳಿ ಕೂಡ ಆಸ್ತಿಯಾಗಬಹುದು ಎಂದು ನನಗೆ ಹೊಳೆದದ್ದು ಅದನ್ನು ಓದಿದಾಗಲೇ.

ತುಮಕೂರಿನ ಡೀಲರ್ ಮಾತು ಇದಕ್ಕೆಲ್ಲ ಕನ್ನಡಿ. ಅವರು ‘ಯಾರಂತೆ ಕಾಣ್ತಾರೆ’ ಎಂದು ಕೇಳಲಿಲ್ಲ. ‘ಎಷ್ಟು ಕೊಟ್ರಿ ಸಾರ್’ ಎಂದು ಕೇಳಿದರು. ದುಡ್ಡು ತೆಗೆದುಕೊಂಡು ಆ ನಟ ಈ ಕಾಫಿಪುಡಿಯ ಪರ ನಿಂತಿದ್ದಾರೆ ಎಂದೇ ನಂಬಿದರು. ವಕೀಲರು ಒಂದು ಪುಟ ಬರೆಯುವುದನ್ನು ಆ ಮನುಷ್ಯ ಮೂರು ಪದದಲ್ಲಿ ಹೇಳಿಬಿಟ್ಟರು.

ಮುಖದ ಗಲಾಟೆಯಲ್ಲಿ ಅವನ ಕೈಯಲ್ಲಿದ್ದ ಕಾಫಿ ಕಪ್ಪಿನ ಕಡೆ ಯಾರೂ ನೋಡಿರಲಿಲ್ಲ. ಆವತ್ತು ರಾತ್ರಿ ವಿಡಿಯೋವನ್ನು ನಿಧಾನವಾಗಿ ಓಡಿಸಿ ನೋಡಿದೆ. ಮೊದಲ ಫ್ರೇಮಿನಲ್ಲಿ ಹಸಿರು ಕಾಗದದ ಕಪ್ಪು, ಮೇಲೆ ಏನೂ ಇಲ್ಲ. ಮೂರನೇ ಸೆಕೆಂಡಿನಲ್ಲಿ ಅವನು ಕಪ್ಪನ್ನು ತುಟಿಗೆ ತರುವಾಗ ಅದು ಕೊಂಚ ತಿರುಗುತ್ತದೆ, ಅಷ್ಟರವರೆಗೆ ಕಾಣದಿದ್ದ ಬದಿ ಈಚೆ ಬರುತ್ತದೆ. ಅಲ್ಲಿ ದುಂಡಗಿನ ಬಿಳಿ ಮುದ್ರೆ, ನಡುವೆ ಉದ್ದ ಕೂದಲಿನ ಹೆಂಗಸಿನಂಥ ಆಕಾರ. ಅರೆಕ್ಷಣ ಕಂಡು ಮತ್ತೆ ಮಸುಕಾಗುತ್ತದೆ. ಯಾವ ಕಾಫಿ ಸರಪಳಿ ಎಂದು ನಾನು ಹೇಳಬೇಕಾಗಿಲ್ಲ. ನಾವು ಅದರ ಹೆಸರು ಬರೆದಿರಲಿಲ್ಲ. ಆದರೆ ‘ಹಸಿರು’, ‘ಕಾಫಿ ಶಾಪ್’, ‘ಕಪ್ಪು’ ಮೂರೂ ಒಟ್ಟಿಗೆ ಬಂದರೆ ಸಾಫ್ಟ್‌ವೇರ್ ಕಲಿತ ಚಿತ್ರಗಳಲ್ಲಿ ಹೆಚ್ಚಾಗಿ ಇದ್ದದ್ದೇ ಎದ್ದು ಬರುತ್ತದೆ. ಕಣ್ಣಿಗೆ ಕಾಣದ ಬದಿಯನ್ನು ಅದು ನೆನಪಿನಿಂದ ತುಂಬುತ್ತದೆ, ಆ ನೆನಪು ಬ್ರಾಂಡುಗಳದ್ದು. ಓಟದ ಶೂ ಕೇಳಿದರೆ ಪಕ್ಕದಲ್ಲಿ ಪಟ್ಟಿಗಳು, ಲ್ಯಾಪ್‌ಟಾಪ್ ಮುಚ್ಚಿದರೆ ಬೆನ್ನ ಮೇಲೊಂದು ಹಣ್ಣು. ಹೀಗಾಗಿ ಮೊದಲ ಫ್ರೇಮ್ ಸ್ವಚ್ಛವಾಗಿದೆ ಎಂದು ಒಪ್ಪಿಗೆ ಕೊಡುವುದು ಮದುವೆಗೆ ಮುಂಚೆ ಒಂದೇ ಫೋಟೋ ನೋಡಿದ ಹಾಗೆ.

ಹುಡುಗ ತಕ್ಷಣ ಪ್ರಾಂಪ್ಟಿಗೆ ‘ಇಂಥ ಬ್ರಾಂಡಿನ ಲೋಗೋ ಬೇಡ’ ಎಂದು ಸೇರಿಸಿ ಮತ್ತೆ ಓಡಿಸಿದ. ಈ ಸಲ ಲೋಗೋ ಇನ್ನೂ ಚೊಕ್ಕಟವಾಗಿ ಬಂತು! ‘ಬೇಡ’ ಎನ್ನುವುದನ್ನು ಇವು ಸರಿಯಾಗಿ ಹಿಡಿಯುವುದಿಲ್ಲ. ಹೆಸರು ಕಿವಿಗೆ ಬಿದ್ದರೆ ಸಾಕು, ಅದೇ ಕಡೆ ವಾಲುತ್ತವೆ. ಬೇಡವಾದದ್ದನ್ನು ಬರೆಯಲು ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬೇರೆಯೇ ಪೆಟ್ಟಿಗೆ ಇರುತ್ತದೆ. ಅಲ್ಲಿ ಬರೆದರೆ ಪರವಾಗಿಲ್ಲ. ಅದಿಲ್ಲದ ಕಡೆ ಬೇಕಾದದ್ದನ್ನು ಹೇಳುವುದೇ ದಾರಿ. ಕಾಗದದ ಕಪ್ಪು ಬಿಟ್ಟು ಸ್ಟೀಲ್ ಲೋಟ, ಡಬರಿ ಎಂದು ಬರೆದೆವು. ಆ ಮುದ್ರೆ ಮತ್ತೆ ತಲೆಹಾಕಲಿಲ್ಲ. ಫಿಲ್ಟರ್ ಕಾಫಿಯವರಿಗೆ ಮೊದಲೇ ಲೋಟ ಹೊಳೆಯದೆ ಕಾಗದದ ಕಪ್ಪು ಹೊಳೆದದ್ದು ಯಾಕೋ, ಅದು ಬೇರೆ ಪ್ರಶ್ನೆ.

ಅಕ್ಷರ ಕಾಣದಿದ್ದರೆ ಸಾಕಲ್ಲ, ಬಣ್ಣಕ್ಕೇನು ಎಂದು ಗಿರಾಕಿ ಕೇಳಿದರು. ಸಾಲದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಪೊಟ್ಟಣದ ಆಕಾರವೂ ಬಣ್ಣಗಳ ಜೋಡಣೆಯೂ ಗುರುತಾಗಬಹುದು. 2003ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಕೋಲ್ಗೇಟ್ ಹಲ್ಲುಪುಡಿಗೂ ಆ್ಯಂಕರ್ ಹಲ್ಲುಪುಡಿಗೂ ನಡೆದ ಜಗಳ ನಮ್ಮವರಿಗೆ ಹೇಳಲು ಚೆನ್ನಾಗಿದೆ. ಹೆಸರುಗಳಲ್ಲಿ ಹೋಲಿಕೆಯೇ ಇಲ್ಲ. ಜಗಳ ಡಬ್ಬಿಯ ಮೇಲಿನ ಕೆಂಪು–ಬಿಳಿ ಬಣ್ಣದ ಬಗ್ಗೆ, ಮೂರನೇ ಒಂದು ಭಾಗ ಕೆಂಪು, ಉಳಿದದ್ದು ಬಿಳಿ. ಆ ಜೋಡಣೆ ಬಳಸದಂತೆ ಕೋರ್ಟು ತಡೆಯಿತು. ಅಕ್ಷರ ಅಳಿಸಿದ ಡಬ್ಬಿಯನ್ನು ಶೆಲ್ಫಿನ ಹಿನ್ನೆಲೆಯಲ್ಲಿ ಇಟ್ಟು ‘ಲೋಗೋ ತೆಗೆದಿದ್ದೀವಿ’ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಾಗೆಂದು ಬ್ರಾಂಡು ಕಂಡರೆಲ್ಲ ಅಪರಾಧವೂ ಅಲ್ಲ. ಪ್ರಾಮಾಣಿಕ ಹೋಲಿಕೆಗೆ ಕಾಯ್ದೆಯಲ್ಲಿ ಜಾಗವಿದೆ. ಆದರೆ ಕಾಫಿಪುಡಿ ಮಾರುವವರು ಆ ಜಾಗವನ್ನು ಕೋರ್ಟಿನಲ್ಲಿ ಅಳೆಸಿಕೊಂಡು ಕೂರುವ ಅಗತ್ಯವಿಲ್ಲ.

ಈಗ ಯಾವ ವಿಡಿಯೋ ಹೊರಹೋಗುವ ಮುಂಚೆಯೂ ಅದನ್ನು ffmpeg ಎಂಬ ವಿಡಿಯೋ ಉಪಕರಣದಿಂದ ಬಿಡಿಬಿಡಿ ಚಿತ್ರ ಮಾಡಿ ನೋಡುತ್ತೇನೆ:

```
ffmpeg -i ad.mp4 -vf "fps=4,scale=480:-1,tile=6x4" sheet_%02d.png
```

ಸೆಕೆಂಡಿಗೆ ನಾಲ್ಕು ಫ್ರೇಮ್. 20 ಸೆಕೆಂಡಿಗೆ 80 ಚಿತ್ರ, ಹಾಳೆಗೆ 24ರಂತೆ ನಾಲ್ಕು ಹಾಳೆ. ಓಡುವ ವಿಡಿಯೋದಲ್ಲಿ ಕಣ್ಣು ಮುಖದ ಹಿಂದೆ ಹೋಗುತ್ತದೆ. ಹಾಳೆಯಲ್ಲಿ ಕಪ್ಪು, ಶೂ, ಗೋಡೆಯ ಬೋರ್ಡು ಒಂದೊಂದೇ ಕಾಣುತ್ತವೆ. ಕಾಲು ಸೆಕೆಂಡಿಗಿಂತ ಕಡಿಮೆ ಹೊತ್ತು ಮಿಂಚಿ ಹೋಗುವುದು ಇದರಲ್ಲೂ ತಪ್ಪಿಹೋಗಬಹುದು. ಅದಕ್ಕೇ ಕೈಯಲ್ಲಿ ವಸ್ತು ತಿರುಗುವ ಶಾಟ್ ಇದ್ದರೆ ಅದೊಂದನ್ನು ಫ್ರೇಮ್ ಫ್ರೇಮಾಗಿ ನೋಡುತ್ತೇನೆ.

ಮುಖಕ್ಕೆ ಬೇರೆ ಪರೀಕ್ಷೆ. ಕಥೆ ಗೊತ್ತಿಲ್ಲದ ಮೂವರಿಗೆ, ಸಾಮಾನ್ಯವಾಗಿ ಅಕೌಂಟ್ಸಿನ ಇಬ್ಬರು ಮತ್ತು ಸೆಕ್ಯೂರಿಟಿಯವರಿಗೆ, ದನಿ ಮುಚ್ಚಿ ಮೂರು ಸೆಕೆಂಡ್ ತೋರಿಸಿ ‘ಯಾರಿವರು?’ ಎಂದು ಕೇಳುತ್ತೇನೆ. ‘ಇಂಥವರಂತೆ ಕಾಣ್ತಾರಾ’ ಎಂದು ಕೇಳಬಾರದು. ಆ ಪ್ರಶ್ನೆಯೇ ಉತ್ತರವನ್ನು ಬಾಯಿಗೆ ತುರುಕುತ್ತದೆ. ಇಬ್ಬರು ಒಂದೇ ಹೆಸರು ಹೇಳಿದರೆ ಆ ಮುಖ ಕಸದಬುಟ್ಟಿಗೆ. ಆಮೇಲೆ ಚಿತ್ರ ಮುಚ್ಚಿ ಬರೀ ದನಿ ಕೇಳಿಸುತ್ತೇನೆ. 2024ರಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಿಂದ ನಕಲು ಮಾಡುವುದಕ್ಕೆ ತಡೆ ಕೊಟ್ಟ ಮೇಲೆ ಇದನ್ನು ಸೇರಿಸಿಕೊಂಡೆ.

ಗಿರಾಕಿ ಸುಲಭಕ್ಕೆ ಬಿಡಲಿಲ್ಲ. ‘ಹಾಗಾದ್ರೆ ಹಳೇ ನಟರು? ಈಗ ಇಲ್ಲದವರು?’ ಎಂದರು. ವ್ಯಕ್ತಿಯ ಖಾಸಗಿತನ, ಗೌರವದ ಹಕ್ಕು ಅವರ ಜೊತೆಗೇ ಮುಗಿಯುತ್ತದೆ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಜಯಲಲಿತಾ ಅವರ ಸೋದರನ ಮಗಳು ದೀಪಾ ಹೂಡಿದ ಮೊಕದ್ದಮೆಯಲ್ಲಿ ಹೇಳಿದ್ದು ನಿಜ. ಆದರೆ ಸಿನಿಮಾದ ದೃಶ್ಯ ನಿರ್ಮಾಪಕರದ್ದು, ಫೋಟೋ ತೆಗೆದವರದ್ದು ಬೇರೆ ಹಕ್ಕು, ಹೆಸರನ್ನು ಕುಟುಂಬದವರು ಟ್ರೇಡ್‌ಮಾರ್ಕ್ ಮಾಡಿಸಿರಲೂಬಹುದು. ಅದೆಲ್ಲ ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ನಮ್ಮೂರಲ್ಲಿ ಅಗಲಿದ ನಟರ ಮುಖಕ್ಕೆ ಜನ ಹೂವು ಹಾಕುತ್ತಾರೆ. ಅದರ ಕೈಗೆ ಕಾಫಿಪುಡಿ ಪ್ಯಾಕೆಟ್ ಕೊಡುವ ಧೈರ್ಯ ನನಗಿಲ್ಲ.

ಕೊನೆಗೆ ಮುಖವನ್ನು ಹುಟ್ಟಿಸುವುದನ್ನೇ ಬಿಟ್ಟೆವು. ಹವ್ಯಾಸಿ ನಾಟಕಗಳಲ್ಲಿ ಮಾಡುವ ಒಬ್ಬರನ್ನು ಕರೆಸಿ, ಎದುರಿಂದ, ಎರಡೂ ಬದಿಯಿಂದ ಫೋಟೋ ತೆಗೆದು, ಅದನ್ನೇ ಮಾದರಿಯಾಗಿ ಕೊಟ್ಟು ಹೀಗೆ ಬರೆದೆವು:

```
same man as reference, 52, grey stubble, receding hair,
glasses pushed up on forehead, maroon sweater vest,
steel tumbler and davara
```

ಕಾಫಿಪುಡಿಯ ಪ್ಯಾಕೆಟ್ಟನ್ನು ಮಾತ್ರ ನಿಜವಾದದ್ದನ್ನೇ ಶೂಟ್ ಮಾಡಿ ಎಡಿಟಿಂಗ್‌ನಲ್ಲಿ ಕೂರಿಸಿದೆವು. ಹೇಗೂ ಆ ಸಾಫ್ಟ್‌ವೇರ್ ಕನ್ನಡ ಅಕ್ಷರ ಬರೆಯಹೋದರೆ ಒತ್ತಕ್ಷರ ಎಲ್ಲಿಗೋ ಹೋಗಿ ಕೂರುತ್ತದೆ.

ಅವರಿಂದ ಬರೆಸಿಕೊಂಡ ಒಪ್ಪಿಗೆ ಪತ್ರ ಮಾಮೂಲಿ ಮಾಡೆಲ್ ಕರಾರಿನಂಥದ್ದಲ್ಲ. ಅವರು ಮಾಡದ ಅಭಿನಯವನ್ನು ಅವರ ಮುಖ ಮಾಡುತ್ತದೆ, ಇದೊಂದೇ ಸರಕಿಗೆ, ಫೋನಿನಲ್ಲಿ ಮತ್ತು ಲೋಕಲ್ ಕೇಬಲ್‌ನಲ್ಲಿ ಮಾತ್ರ, ಒಂದು ವರ್ಷ, ಆಮೇಲೆ ಮಾದರಿ ಫೋಟೋಗಳನ್ನು ಅಳಿಸಬೇಕು ಎಂದು ಬಿಡಿಸಿ ಬರೆದೆವು. ಓದಿ ಮುಗಿಸಿ ಅವರು ಕೇಳಿದ್ದು ಒಂದೇ: ‘ನಾನು ಟೀ ಕುಡಿಯೋನು, ಪರವಾಗಿಲ್ವಾ?’

ಹಳೆಯ ವಿಡಿಯೋ ತೆಗೆಸಲು ಗಿರಾಕಿಯವರೇ ಒಬ್ಬೊಬ್ಬ ಡೀಲರ್‌ಗೂ ಫೋನ್ ಮಾಡಿದರು. ತುಮಕೂರಿನವರು ಸ್ಟೇಟಸ್ಸಿನಿಂದ ತೆಗೆದರು, ಫೋನಿನಿಂದ ಅಳಿಸಿದರೋ ಇಲ್ಲವೋ. ಹೊಸದನ್ನು ನೋಡಿ ‘ಇವರ್ಯಾರು ಸಾರ್?’ ಅಂದರಂತೆ. ಗಿರಾಕಿ ಅದನ್ನು ದೂರಿನ ದನಿಯಲ್ಲಿ ಹೇಳಿದರು. ನಾನು ಪರೀಕ್ಷೆಯ ಪುಸ್ತಕದಲ್ಲಿ ನಾಲ್ಕನೆಯವರ ಉತ್ತರವೆಂದು ಬರೆದುಕೊಂಡೆ.