ರಾತ್ರಿ ಎರಡರವರೆಗೋ, ಬೆಳಗಿನ ನಾಲ್ಕೂವರೆಗೋ

ಡೊಂಬಿವಲಿ
ಭಾನುವಾರ, 18 ಜನವರಿ 2026

ತಂಗಿಯ ಮಗಳು ಈ ವರ್ಷ ಮಹಾರಾಷ್ಟ್ರ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುತ್ತಾಳೆ. ಟಿವಿ ನಿಂತು ಮನೆಮಂದಿಯೆಲ್ಲ ಮಲಗಿದ ಮೇಲೆ, ಹನ್ನೊಂದರಿಂದ ಎರಡು ಗಂಟೆಯವರೆಗೆ ಓದಿದರೆ ಮಾತ್ರ ತನ್ನ ತಲೆಗೆ ಹತ್ತುತ್ತದೆ ಎಂಬುದು ಅವಳ ವಾದ. ಉಡುಪಿಯಿಂದ ಬಂದಿರುವ ನಮ್ಮ ಅಮ್ಮನಾದರೋ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದ್ದೇ ಉಳಿಯುವುದೆಂದು ನಾಲ್ಕೂವರೆಗೆ ಮೊಮ್ಮಗಳನ್ನು ಎಬ್ಬಿಸುತ್ತಾರೆ. ಇಬ್ಬರೂ ತಮ್ಮ ಪಟ್ಟು ಸಡಿಲಿಸದ ಕಾರಣ ಹುಡುಗಿಗೆ ಎರಡೂವರೆ ಗಂಟೆಯ ನಿದ್ದೆಯಷ್ಟೇ ಸಿಗುತ್ತಿದೆ. ಹದಿಹರೆಯದವರಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆ.

ಇಂದು ಅವಳ ರಫ್ ಪುಸ್ತಕವನ್ನು ತರಿಸಿ ನೋಡಿದೆ. ನಡುರಾತ್ರಿಯ ನಂತರ ಬಿಡಿಸಿದ 2x² − 7x + 3 = 0 ಎಂಬ ವರ್ಗ ಸಮೀಕರಣ ಅಲ್ಲಿತ್ತು. ಸೂತ್ರವನ್ನು ಸರಿಯಾಗಿಯೇ ಬರೆದಿದ್ದಾಳೆ, ವರ್ಗಮೂಲದೊಳಗಿನ 49 − 24 = 25 ಕೂಡ ಸರಿಯಾಗಿದೆ. ಆದರೆ b ಎಂದರೆ −7 ಆಗಿರುವಲ್ಲಿ −b ಎಂಬುದು +7 ಆಗಬೇಕಿತ್ತು. ಅವಳು −7 ಎಂದೇ ಇಳಿಸಿದ್ದರಿಂದ 3 ಮತ್ತು 1/2 ಬರುವ ಬದಲು −1/2 ಮತ್ತು −3 ಬಂದಿವೆ. ಅದೇ ಲೆಕ್ಕವನ್ನು ನನ್ನೆದುರು ಬೆಳಗ್ಗೆ ಹನ್ನೊಂದು ಗಂಟೆಗೆ ಒಂದು ತಪ್ಪೂ ಇಲ್ಲದೆ ಮಾಡಿದಳು. ವಿಷಯ ತಿಳಿಯದವರ ತಪ್ಪು ಹೀಗಿರುವುದಿಲ್ಲ. ಚಿಹ್ನೆ ಬಿಟ್ಟುಹೋಗುವುದು, ಒಂದು ಸಾಲನ್ನು ಎರಡು ಸಲ ಬರೆಯುವುದು, ಪ್ರಶ್ನೆಯಲ್ಲಿರುವ ಸಂಖ್ಯೆಯನ್ನೇ ತಪ್ಪಾಗಿ ಇಳಿಸಿಕೊಳ್ಳುವುದು, ಇವೆಲ್ಲ ನಿದ್ದೆಗೆಟ್ಟ ಗಮನದ ಗುರುತುಗಳು.

ಆಮೇಲೆ, ರಾತ್ರಿ ಓದಿದ ಭೂಮಿತಿಯ ಪ್ರಮೇಯವೊಂದನ್ನು ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ಬರೆಯಲು ಹೇಳಿದೆ. ಆಕೃತಿಯನ್ನೂ ದತ್ತಾಂಶವನ್ನೂ ಬರೆದು, ಮೂರನೆಯ ಹಂತದಲ್ಲಿ ನಿಂತುಬಿಟ್ಟಳು. "ದೊಡ್ಡಮ್ಮ, ರಾತ್ರಿ ಓದುವಾಗ ಪೂರ್ತಿ ಅರ್ಥವಾಗಿತ್ತು" ಎಂದಳು. ಅದು ಸುಳ್ಳಲ್ಲ. ಕಣ್ಣೆದುರಿನ ಸಾಲು ಪರಿಚಿತವೆನಿಸಿದಾಗ ಕಲಿತೆವೆಂದೇ ಅನ್ನಿಸುತ್ತದೆ, ದಣಿದಾಗಲಂತೂ ಹಾಗೆ ಅನ್ನಿಸುವುದು ಇನ್ನೂ ಸುಲಭ. ಅದಲ್ಲದೆ, ಓದಿದ್ದು ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತದೆ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚಾಗಿದ್ದರೆ, ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚುತ್ತದೆ. ಈಗಿನ ಏರ್ಪಾಡು ಆ ಎರಡನೆಯ ಭಾಗವನ್ನು ಬಹುಮಟ್ಟಿಗೆ ಕತ್ತರಿಸಿಹಾಕಿದೆ.

ಹಾಗೆಂದು ಅವಳನ್ನು ಸೋಮಾರಿಯೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಈ ವಯಸ್ಸಿನಲ್ಲಿ ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಚಿಕ್ಕಂದಿನಲ್ಲಿದ್ದುದಕ್ಕಿಂತ ತಡವಾಗಿ ಸ್ರವಿಸುವುದರಿಂದ, ರಾತ್ರಿ ಹತ್ತೂವರೆಗೂ ಕಣ್ಣು ಚುರುಕಾಗಿರುವುದು ಸಹಜವೇ. ನಾಲ್ಕೂವರೆಗೆ ಎಬ್ಬಿಸಿದರೆ ಗಾಢ ನಿದ್ದೆಯಿಂದಲೇ ಎಬ್ಬಿಸಿದಂತಾಗಬಹುದು, ಆಗ ಮೊದಲ ಅರ್ಧ ಗಂಟೆಯಾದರೂ ಮಂಪರಿನಲ್ಲೇ ಕಳೆದುಹೋಗುತ್ತದೆ. ಅಮ್ಮನಿಗೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸಿದೆ. ಬ್ರಾಹ್ಮೀ ಮುಹೂರ್ತ ಆರಂಭವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮೊದಲು. ಮುಂಬಯಿಯಲ್ಲಿ ಜನವರಿಯ ಈ ದಿನಗಳಲ್ಲಿ ಸೂರ್ಯ ಮೂಡುವುದೇ ಸುಮಾರು 7.15ಕ್ಕೆ, ಆದ್ದರಿಂದ ಮುಹೂರ್ತ ಹಿಡಿಯುವುದು 5.40ರ ಸುಮಾರಿಗೆ. ಅಮ್ಮ ಸ್ವಲ್ಪ ಹೊತ್ತು ಪಂಚಾಂಗ ತಿರುವಿ ನೋಡಿ, "ಹಾಗಾದರೆ ಆರು ಗಂಟೆಗೆ ಎಬ್ಬಿಸುತ್ತೇನೆ ಮಾರಾಯ್ತಿ" ಎಂದರು.

ಗಣಿತದ ಪತ್ರಿಕೆಗಳು ಬೆಳಗ್ಗೆ ಹನ್ನೊಂದಕ್ಕೆ ಆರಂಭವಾಗುತ್ತವೆ, ಬೀಜಗಣಿತಕ್ಕೂ ಭೂಮಿತಿಗೂ ತಲಾ ಎರಡು ಗಂಟೆ. ಮಿದುಳು ಚುರುಕಾಗಿರಬೇಕಾದದ್ದು ಆ ಹೊತ್ತಿಗೆ. ಆದ್ದರಿಂದ ರಾತ್ರಿ ಎರಡರಿಂದ ಒಮ್ಮೆಲೇ ಹತ್ತಕ್ಕೆ ಹಾರದೆ, ಎರಡು ಮೂರು ದಿನಗಳಿಗೊಮ್ಮೆ ಅರ್ಧ ಗಂಟೆಯಷ್ಟು ಬೇಗ ಮಲಗುತ್ತಾ ಹೋಗಿ, ಫೆಬ್ರವರಿ ಎರಡನೆಯ ವಾರದೊಳಗೆ ಹತ್ತಕ್ಕೆ ಮಲಗಿ ಆರಕ್ಕೆ ಏಳುವಲ್ಲಿಗೆ ತಲುಪುವುದೆಂದು ನಿಶ್ಚಯಿಸಿದೆವು. ಸೂರ್ಯ ಮೂಡಿದೊಡನೆ ಬಾಲ್ಕನಿಗೆ ಹೋಗಿ ಬೆಳಕಿಗೆ ಮುಖವೊಡ್ಡಬೇಕು, ಏಕೆಂದರೆ ಗಡಿಯಾರದ ಅಲಾರ್ಮಿಗಿಂತ ಮುಂಜಾನೆಯ ಬೆಳಕೇ ದೇಹದ ಸಮಯವನ್ನು ಹಿಂದಕ್ಕೆ ಎಳೆದು ತರುತ್ತದೆ. ಸಂಜೆ ಐದರ ನಂತರ ಚಹಾ, ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಗಳ ಮೇಲೂ ರಕ್ತದಲ್ಲಿ ಉಳಿದಿರುತ್ತದೆ. ಲೆಕ್ಕ ಬಿಡಿಸುವುದು, ಪ್ರಮೇಯವನ್ನು ನೋಡದೆ ಬರೆಯುವುದು ಬೆಳಗಿನ ಪಾಲಿಗೆ. ರಾತ್ರಿಯ ಕೊನೆಯ ಅರ್ಧ ಗಂಟೆಯಲ್ಲಿ ಇತಿಹಾಸದ ಇಸವಿಗಳು, ವಿಜ್ಞಾನದ ವ್ಯಾಖ್ಯೆಗಳು. ಅವನ್ನು ಓದಿ ತಕ್ಷಣ ಮಲಗಬೇಕು, ನಡುವೆ ಮೊಬೈಲು ಹಿಡಿಯಬಾರದು.

ಒಂದೇ ಕೋಣೆಯಲ್ಲಿ ಆರು ಜನರಿದ್ದು, ನಡುರಾತ್ರಿಯ ಹೊರತು ಸದ್ದಡಗದ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅಂಥ ಮನೆಯ ಮಗು ಹನ್ನೆರಡೂವರೆಯವರೆಗೆ ಓದಿದರೆ ಬೆಳಗ್ಗೆ ಎಂಟರವರೆಗೆ ಯಾರೂ ಎಬ್ಬಿಸಬಾರದು. ಶಾಲೆಗೆ ಓದುವ ರಜೆ ಇರುವ ದಿನಗಳಲ್ಲಿ ಇದು ಸಾಧ್ಯ.

ಪರೀಕ್ಷೆಯ ಹಿಂದಿನ ರಾತ್ರಿ ಎಂಟೂವರೆಗೇ ಮಲಗಿಸಬೇಡಿರೆಂದು ತಂಗಿಗೆ ಹೇಳಿ ಬಂದಿದ್ದೇನೆ. ರೂಢಿಯಾದ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ದೇಹ ನಿದ್ದೆಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ, ಹುಡುಗಿ ಕತ್ತಲಲ್ಲಿ ಹೊರಳಾಡುತ್ತ, ನಿದ್ದೆ ಬಾರದೆಂಬ ಗಾಬರಿಯನ್ನೇ ಹೆಚ್ಚಿಸಿಕೊಳ್ಳುತ್ತಾಳೆ.