ಟೀ ಪುಡಿ, ಉಪ್ಪು ಮತ್ತು ತಲೆಕೆಳಗಾದ ಪದರ

ಧಾರವಾಡ, ಮಂಗಳವಾರ, 11 ನವೆಂಬರ್ 2025

ಇವತ್ತು ಲ್ಯಾಬ್ ಮುಗಿಯುವಾಗ ಸಂಜೆ ಆರೂವರೆ. ನಾಲ್ಕಕ್ಕೇ ಮುಗಿಯಬೇಕಿತ್ತು. ಆದರೆ ಮಧ್ಯಾಹ್ನ ಒಂದು ಫನಲ್‌ನಲ್ಲಿ ನಡೆದದ್ದನ್ನು ಇವತ್ತೇ ಬರೆದಿಡಬೇಕು ಅನ್ನಿಸುತ್ತಿದೆ. ನಾಳೆಗೆ ಸಣ್ಣ ಸಣ್ಣ ವಿವರಗಳು ಮರೆತುಹೋಗುತ್ತವೆ.

ಪ್ರಯೋಗ ಹಳೆಯದೇ. ಟೀ ಪುಡಿಯಿಂದ ಕೆಫೀನ್ ತೆಗೆಯುವುದು. 25 ಗ್ರಾಂ ಟೀ ಪುಡಿ, 10 ಗ್ರಾಂ ಸೋಡಿಯಂ ಕಾರ್ಬೊನೇಟ್, 225 ಮಿ.ಲೀ. ನೀರು. ಇಪ್ಪತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಸುಮಾರು 150 ಮಿ.ಲೀ. ಕಡು ಕಂದು ಡಿಕಾಕ್ಷನ್ ಸಿಗುತ್ತದೆ. ಅದನ್ನು ಐಸ್‌ನಲ್ಲಿಟ್ಟು ಚೆನ್ನಾಗಿ ತಣಿಸಿ, ಡೈಕ್ಲೋರೋಮೀಥೇನ್ ಜೊತೆ ಸೆಪರೇಟಿಂಗ್ ಫನಲ್‌ಗೆ ಹಾಕಬೇಕು. ಎಲ್ಲರೂ ಅದನ್ನು ಡಿಸಿಎಂ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅದು 40 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಡಿಕಾಕ್ಷನ್ ಬಿಸಿ ಇರಬಾರದು. ಕೋಣೆಯ ಉಷ್ಣತೆಯಲ್ಲಿ ಒಂದು ಮಿ.ಲೀ. ನೀರಿನಲ್ಲಿ ಸುಮಾರು 22 ಮಿ.ಗ್ರಾಂ ಕೆಫೀನ್ ಕರಗಿದರೆ, ಡಿಸಿಎಂನಲ್ಲಿ ಸುಮಾರು 140 ಮಿ.ಗ್ರಾಂ ಕರಗುತ್ತದೆ. ಹಾಗಾಗಿ ಕೆಫೀನ್ ಡಿಸಿಎಂಗೆ ಇಳಿಯುತ್ತದೆ. ಟ್ಯಾನಿನ್ ಕಾರ್ಬೊನೇಟ್‌ನಿಂದ ಉಪ್ಪಾಗಿ ನೀರಲ್ಲೇ ಉಳಿಯುತ್ತದೆ.

ತೊಂದರೆ ಇರುವುದು ಆ ಟ್ಯಾನಿನ್ ಉಪ್ಪಿನಲ್ಲೇ. ಅದರ ಅಣುವಿನಲ್ಲಿ ನೀರನ್ನು ಇಷ್ಟಪಡುವ ಭಾಗವೂ ಇದೆ, ಇಷ್ಟಪಡದ ಭಾಗವೂ ಇದೆ. ಅಂದರೆ ಸೋಪಿನ ಹಾಗೆ. ಟೀ ಎಲೆಯಲ್ಲಿ ಸಪೋನಿನ್ ಬೇರೆ ಇರುತ್ತದೆ, ಜೊತೆಗೆ ಬಟ್ಟೆಯಿಂದ ನುಸುಳಿ ಬಂದ ಸಣ್ಣ ಪುಡಿ. ಫನಲ್ ಅನ್ನು ಜೋರಾಗಿ ಕುಲುಕಿದರೆ ಡಿಸಿಎಂ ಸಣ್ಣ ಹನಿಗಳಾಗಿ ಒಡೆಯುತ್ತದೆ. ಒಂದೊಂದು ಹನಿಯ ಸುತ್ತಲೂ ಇವೆಲ್ಲ ಸೇರಿ ಚರ್ಮದ ಹಾಗೆ ಸುತ್ತಿಕೊಳ್ಳುತ್ತವೆ. ಆಮೇಲೆ ಹನಿ ಹನಿಗೆ ತಾಗಿದರೂ ಸೇರುವುದಿಲ್ಲ. ಮೆಲ್ಲಗೆ ತಿರುಗಿಸಿ ಅಂತ ನಾನು ಮೊದಲೇ ಹೇಳಿದ್ದೆ. ಒಂದು ಹುಡುಗ ಮಾತ್ರ ಮಜ್ಜಿಗೆ ಕಡೆದ ಹಾಗೆ ಕುಲುಕಿಬಿಟ್ಟ. ಸ್ಟ್ಯಾಂಡ್‌ಗೆ ಹಾಕಿದಾಗ ಮೇಲೆ ಸ್ವಲ್ಪ ಕಂದು ನೀರು, ಉಳಿದ ಅರ್ಧ ಫನಲ್ ತುಂಬ ಕಾಫಿ ಬಣ್ಣದ ನೊರೆ. ಕೆಳಗೆ ತಿಳಿಯಾದ ಡಿಸಿಎಂ ಒಂದು ಚಮಚವೂ ಇರಲಿಲ್ಲ.

ನಾನು ಆಗ ಇನ್ನೊಂದು ಟೇಬಲ್ ಹತ್ತಿರ ಇದ್ದೆ. ಅವನು ಹತ್ತು ನಿಮಿಷ ಕಾದು, ಸೀನಿಯರ್ ಒಬ್ಬ ಹೇಳಿಕೊಟ್ಟಂತೆ 40 ಗ್ರಾಂ ಉಪ್ಪು ಹಾಕಿದ. ಆಗಲೂ ನೊರೆ ಸರಿಯಾಗಿ ಇಳಿಯಲಿಲ್ಲ. ಆಮೇಲೆ 40 ಮಿ.ಲೀ. ಈಥೈಲ್ ಅಸಿಟೇಟ್ ಸುರಿದ. ನೊರೆ ಬಹುಪಾಲು ಒಡೆಯಿತು. ಕೆಳಗೆ ಕಂದು ಪದರ, ಮೇಲೆ ಮಬ್ಬು ಹಸಿರು ಛಾಯೆಯ ಪದರ, ನಡುವೆ ಎರಡು ಬೆರಳು ದಪ್ಪದ ನೊರೆ. ಡಿಸಿಎಂ ಅಂದರೆ ಕೆಳಗಿನದು ಅಂತ ನಾವೇ ಕಲಿಸಿದ್ದೇವೆ ಅಲ್ವಾ. ಅವನು ಕೆಳಗಿನದನ್ನು ಬೀಕರ್‌ಗೆ ಬಿಟ್ಟುಕೊಂಡು, ಮೇಲೆ ‘ಡಿಸಿಎಂ’ ಅಂತ ಬರೆದು, ಒಣಗಿಸಲು ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿದ.

ಅಲ್ಲೇ ಗೊತ್ತಾಗಿದ್ದು. “ಮೇಡಂ, ಇದು ಕಲ್ಲಾಗಿಬಿಟ್ಟಿತು” ಅಂತ ಕರೆದ. ಹೋಗಿ ನೋಡಿದರೆ ಹಾಕಿದ ಪುಡಿ ಬೀಕರಿನ ತಳಕ್ಕೆ ಗಟ್ಟಿಯಾಗಿ ಹಿಡಿದುಕೊಂಡಿದೆ. ಸಾವಯವ ದ್ರಾವಣದಲ್ಲಿ ಸೋಡಿಯಂ ಸಲ್ಫೇಟ್ ಮೊದಲು ಸ್ವಲ್ಪ ಅಂಟಿಕೊಂಡರೂ, ಇನ್ನಷ್ಟು ಹಾಕಿದಾಗ ಒಣ ಮರಳಿನ ಹಾಗೆ ಬೀಕರ್‌ನಲ್ಲಿ ಹರಿದಾಡುತ್ತದೆ. ಹಾಕಿದ್ದೆಲ್ಲ ಒಂದೇ ಗಡ್ಡೆಯಾದರೆ ಅದು ನೀರಿನ ಪದರವೇ. ಫನಲ್‌ನಲ್ಲಿ ಉಳಿದದ್ದನ್ನು ವೇಸ್ಟ್ ಕ್ಯಾನ್‌ಗೆ ಸುರಿಯಲು ಅವನು ಆಗಲೇ ಮುಚ್ಚಳ ತೆಗೆದಿದ್ದ. ಕೈ ಹಿಡಿದು ನಿಲ್ಲಿಸಿದೆ. ಕೆಫೀನ್ ಇದ್ದದ್ದು ಅದರಲ್ಲೇ.

ಬ್ಯಾಚಿನ ಎಲ್ಲರನ್ನೂ ಕರೆದು ಅಲ್ಲೇ ಲೆಕ್ಕ ಮಾಡಿಸಿದೆ. ಡಿಸಿಎಂ ಸಾಂದ್ರತೆ 1.33. ಈಥೈಲ್ ಅಸಿಟೇಟ್‌ದು 0.90. 30 ಮಿ.ಲೀ. ಡಿಸಿಎಂ ಅಂದರೆ 39.9 ಗ್ರಾಂ, 40 ಮಿ.ಲೀ. ಈಥೈಲ್ ಅಸಿಟೇಟ್ ಅಂದರೆ 36 ಗ್ರಾಂ. ಎರಡೂ ಸೇರಿ 70 ಮಿ.ಲೀ.ಗೆ 75.9 ಗ್ರಾಂ, ಅಂದರೆ ಸಾಂದ್ರತೆ ಸುಮಾರು 1.08. ಇತ್ತ ನೀರಿನಲ್ಲಿ ಕಾರ್ಬೊನೇಟ್ ಇತ್ತು, ಮೇಲೆ 40 ಗ್ರಾಂ ಉಪ್ಪು ಬಿದ್ದಿತ್ತು. ಎರಡೂ ಪದರದಿಂದ ಪಿಪೆಟ್‌ನಲ್ಲಿ 10 ಮಿ.ಲೀ. ತೆಗೆದು ತೂಗಿಸಿದೆ. ಕಂದು ನೀರು 11.8 ಗ್ರಾಂ, ಮೇಲಿನದು 10.8 ಗ್ರಾಂ. ಉಪ್ಪು ನೀರನ್ನು ಭಾರ ಮಾಡಿತ್ತು, ಈಥೈಲ್ ಅಸಿಟೇಟ್ ಡಿಸಿಎಂ ಅನ್ನು ಹಗುರ ಮಾಡಿತ್ತು. ನಡುವೆ ಎಲ್ಲೋ ಪದರಗಳು ತಲೆಕೆಳಗಾಗಿದ್ದವು.

ಆಗ ಒಂದು ಹುಡುಗಿ ಕೇಳಿದಳು, “ಮೇಡಂ, ನೀರಿನ ಹನಿ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ?” ಒಳ್ಳೆಯ ಪ್ರಶ್ನೆ. ಪುಸ್ತಕದಲ್ಲಿರುವುದೂ ಅದೇ. ಫನಲ್‌ಗೆ ಮೇಲಿಂದ ಎರಡು ಹನಿ ನೀರು ಬಿಡು, ಅದು ಯಾವ ಪದರಕ್ಕೆ ಹೋಗಿ ಸೇರುತ್ತದೋ ಅದು ನೀರಿನದು. ಸರಿ, ಮಾಡಿ ನೋಡೋಣ ಅಂತ ಡ್ರಾಪರ್ ಅವಳ ಕೈಗೇ ಕೊಟ್ಟೆ. ಹನಿಗಳು ಮೇಲಿನ ಪದರದ ಮೇಲೆ ಸುಮ್ನೆ ತೇಲುತ್ತ ನಿಂತವು. ಕೆಳಗೆ ಇಳಿಯಲೇ ಇಲ್ಲ. ಅವಸರದಲ್ಲಿ ನೋಡಿದವರು ಮೇಲಿನದೇ ನೀರು ಅಂದುಕೊಳ್ಳುತ್ತಾರೆ. ಕಾರಣ ಇಷ್ಟೇ, ಬರೀ ನೀರಿನ ಸಾಂದ್ರತೆ 1.00, ಆ ಪದರದ್ದು 1.08. ಉಪ್ಪು ನೀರು ಮುಳುಗುವ ಕಡೆ ಬರೀ ನೀರು ತೇಲುತ್ತದೆ.

ಆದ್ದರಿಂದ ಹನಿ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕಿಂತ ಬೆರೆಯುತ್ತದೋ ಇಲ್ಲವೋ ಅನ್ನುವುದನ್ನು ನೋಡಬೇಕು. ಎರಡು ಟೆಸ್ಟ್ ಟ್ಯೂಬ್‌ನಲ್ಲಿ ಒಂದೊಂದು ಮಿ.ಲೀ. ನೀರು ತೆಗೆದುಕೊಂಡೆವು. ಒಂದಕ್ಕೆ ಬೀಕರಿನ ಕಂದು ದ್ರವ ಐದು ಹನಿ. ಕಂದು ಎಳೆಗಳಾಗಿ ಇಳಿದು, ಬೆರಳಲ್ಲಿ ತಟ್ಟಿದ ತಕ್ಷಣ ಪೂರ್ತಿ ಬೆರೆಯಿತು. ಇನ್ನೊಂದಕ್ಕೆ ಫನಲ್‌ನ ಮೇಲಿನ ಪದರದ್ದು ಐದು ಹನಿ. ಎಷ್ಟು ತಟ್ಟಿದರೂ ಬೆರೆಯದೆ ಎಣ್ಣೆಯ ಹಾಗೆ ಉಂಡೆಯಾಗಿ ತಳದಲ್ಲಿ ಕೂತಿತು. ಅರ್ಧ ನಿಮಿಷದ ಕೆಲಸ, ಸಾಂದ್ರತೆಯ ಗೊಡವೆಯೇ ಇಲ್ಲ.

ಬೀಕರಿನ ಮೇಲಿನ ‘ಡಿಸಿಎಂ’ ಅನ್ನುವ ಬರಹ ಅಳಿಸಿ ‘ಕೆಳಗಿನದು, ಒಂದನೇ ಸಲ’ ಅಂತ ಬರೆಸಿದೆ. ಫನಲ್ ಮುಂದೆ ನಿಂತಾಗ ಕಣ್ಣಿಗೆ ಕಾಣುವುದು ಮೇಲು, ಕೆಳಗು ಅಷ್ಟೇ. ಯಾವ ದ್ರವ ಅನ್ನುವುದು ನಮ್ಮ ಊಹೆ. ಊಹೆಯನ್ನು ಬೀಕರಿನ ಮೇಲೆ ಬರೆದರೆ ಆಮೇಲೆ ಬರುವವರೆಲ್ಲ ಅದನ್ನೇ ನಂಬುತ್ತಾರೆ. ಮತ್ತೆ, ಕೆಫೀನ್ ತೂಗುವ ತನಕ ಒಂದು ಬೀಕರನ್ನೂ ಚೆಲ್ಲಬಾರದು. ಇದನ್ನು ಮಾತ್ರ ಸ್ವಲ್ಪ ಜೋರಾಗಿಯೇ ಹೇಳಿದೆ.

ಉಪ್ಪಿನ ವಿಷಯ ಮನೆಗೆ ಬರುವಾಗ ಬಸ್ಸಿನಲ್ಲೂ ತಲೆಯಲ್ಲಿತ್ತು. ಎಮಲ್ಷನ್, ಅಂದರೆ ಹೀಗೆ ಬೇರೆಯಾಗದ ನೊರೆ, ಆದರೆ ಉಪ್ಪು ಹಾಕು ಅಂತ ಎಲ್ಲರೂ ಹೇಳುತ್ತಾರೆ. ಈಥರ್‌ಗೆ, ಈಥೈಲ್ ಅಸಿಟೇಟ್‌ಗೆ ಅದು ಎರಡೂ ರೀತಿಯಲ್ಲಿ ಒಳ್ಳೆಯದು. ಸಾವಯವ ದ್ರವ ನೀರಿನಲ್ಲಿ ಕರಗುವುದು ಕಡಿಮೆಯಾಗುತ್ತದೆ, ಜೊತೆಗೆ ಕೆಳಗಿರುವ ನೀರು ಇನ್ನೂ ಭಾರವಾಗಿ ಎರಡರ ಅಂತರ ಹೆಚ್ಚುತ್ತದೆ. ಡಿಸಿಎಂ ಆದರೆ ಹಾಗಲ್ಲ. ಇಲ್ಲಿ ನೀರು ಮೇಲಿರಬೇಕು. ಪೂರ್ತಿ ಉಪ್ಪು ಕರಗಿದ ನೀರಿನ ಸಾಂದ್ರತೆ ಸುಮಾರು 1.2. ಅಂದರೆ 0.33 ಇದ್ದ ಅಂತರ 0.13ಕ್ಕೆ ಇಳಿಯುತ್ತದೆ. ಹನಿ ಕೆಳಗಿಳಿಯುವ ವೇಗ ಈ ಅಂತರಕ್ಕೆ ತಕ್ಕ ಹಾಗೆ ಇರುತ್ತದೆ, ಹಾಗಾಗಿ ವೇಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹನಿಗಳ ಮೇಲಿನ ವಿದ್ಯುದಾವೇಶವನ್ನು ತಗ್ಗಿಸಿ ಸೇರಲು ಬಿಡುವ ಗುಣ ಉಪ್ಪಿಗೆ ಆಗಲೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಡಿಸಿಎಂ ಇದ್ದಾಗ ನಾನು ಒಂದೆರಡು ಚಿಟಿಕೆಗಿಂತ ಜಾಸ್ತಿ ಹಾಕಿಸುವುದಿಲ್ಲ. ಹಾಕಿದ ಮೇಲೆ ಈಥೈಲ್ ಅಸಿಟೇಟ್ ಬಾಟಲಿ ಮುಟ್ಟಲು ಬಿಡುವುದಿಲ್ಲ.

ಉಳಿದ ನೊರೆಯನ್ನು ಬೇರೆ ಫ್ಲಾಸ್ಕ್‌ಗೆ ಬಿಟ್ಟುಕೊಂಡೆವು, ಸುಮಾರು 15 ಮಿ.ಲೀ. ಇದ್ದಿರಬೇಕು. ಡಿಕಾಕ್ಷನ್ ಎಷ್ಟು ಕಪ್ಪಗಿರುತ್ತದೆ ಅಂದರೆ ಪದರದ ಗಡಿ ಕಾಣುವುದೇ ಇಲ್ಲ. ಫನಲ್ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಮಾತ್ರ ಗೆರೆ ಕಾಣುತ್ತದೆ. ಒಬ್ಬರು ಟಾರ್ಚ್ ಹಿಡಿದರು, ಒಬ್ಬರು ಸ್ಟಾಪ್‌ಕಾಕ್ ತಿರುಗಿಸಿದರು. ನೊರೆಯ ಅರ್ಧವನ್ನು ಸೀಲೈಟ್ ಅನ್ನುವ ಸೋಸುವ ಪುಡಿಯ ಮೇಲೆ ಸೋಸಿದೆವು. ಬುಕ್ನರ್ ಫನಲ್‌ನಲ್ಲಿ ಒಂದು ಸೆಂ.ಮೀ. ದಪ್ಪ ಸೀಲೈಟ್ ಹಾಸಿ, ಮೊದಲು ಡಿಸಿಎಂನಲ್ಲಿ ನೆನೆಸಿ, ಮೆಲ್ಲಗೆ ಸಕ್ಷನ್ ಕೊಟ್ಟಾಗ ಕೆಳಗೆ ಬಿದ್ದದ್ದು ಆಗಲೇ ಎರಡು ಚೊಕ್ಕ ಪದರ. ಸೀಲೈಟ್ ಮೇಲೆ ಕಂದು ಲೋಳೆ ಉಳಿಯಿತು. ಹನಿಗಳನ್ನು ಸುತ್ತಿಕೊಂಡಿದ್ದ ಪುಡಿ, ಟ್ಯಾನಿನ್ ಅಲ್ಲೇ ಸಿಕ್ಕಿಬಿದ್ದಿತ್ತು.

ಇನ್ನರ್ಧವನ್ನು ಗಾಜಿನ ಸೆಂಟ್ರಿಫ್ಯೂಜ್ ಟ್ಯೂಬ್‌ಗೆ ಹಾಕಿ, ಎದುರು ಬದಿಗೆ ಅಷ್ಟೇ ತೂಕದ ಟ್ಯೂಬ್ ಇಟ್ಟು, 2000 ಆರ್‌ಪಿಎಂನಲ್ಲಿ ಐದು ನಿಮಿಷ ತಿರುಗಿಸಿದೆವು. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಬೇಡ ಅಂದೆ. ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್ ಎರಡನ್ನೂ ಡಿಸಿಎಂ ಕರಗಿಸುತ್ತದೆ. ಹೊರಗೆ ತೆಗೆದಾಗ ಎಲ್ಲರೂ ಬಗ್ಗಿ ನೋಡಿದರು. ಎರಡು ದ್ರವಗಳ ನಡುವೆ ಕಾದ ಹಾಲಿನ ಕೆನೆಯ ಹಾಗೆ ಒಂದು ತೆಳು ಕಂದು ಪೊರೆ. ಟ್ಯೂಬ್ ಓರೆ ಮಾಡಿದರೆ ಸುಕ್ಕುಗಟ್ಟುತ್ತಿತ್ತು, ಒಡೆಯುತ್ತಿರಲಿಲ್ಲ. ಅರ್ಧ ಫನಲ್ ನೊರೆಯನ್ನು ಇಷ್ಟು ಹೊತ್ತು ಹಿಡಿದಿಟ್ಟದ್ದು ಆ ಪೊರೆಯೇ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಸ್ಪಷ್ಟವಾಗಿ ನಾನೂ ನೋಡಿರಲಿಲ್ಲ.

ಕಂದು ನೀರಿಗೆ ಅಷ್ಟೇ ನೀರು ಬೆರೆಸಿ ತೆಳು ಮಾಡಿದೆವು. ಮತ್ತೆ 10 ಮಿ.ಲೀ. ತೂಗಿದಾಗ 11.0 ಗ್ರಾಂ. ಅದರಿಂದ 30 ಮಿ.ಲೀ.ನಂತೆ ಎರಡು ಸಲ ಹೊಸ ಡಿಸಿಎಂನಲ್ಲಿ ತೆಗೆದೆವು. ಈ ಸಲ ಕುಲುಕಲಿಲ್ಲ. ಫನಲ್ ಅಡ್ಡ ಹಿಡಿದು, ತೊಟ್ಟಿಲು ತೂಗಿದ ಹಾಗೆ ಮೂರು ನಿಮಿಷ, ನಡುನಡುವೆ ಸ್ಟಾಪ್‌ಕಾಕ್ ತೆರೆದು ಗ್ಯಾಸ್ ಬಿಟ್ಟು. ಡಿಸಿಎಂ ಕೆಳಗೇ ಕೂತಿತು, ನಡುವೆ ದಾರದಷ್ಟು ನೊರೆ. ಈಥೈಲ್ ಅಸಿಟೇಟ್ ಬೆರೆತ ಪಾಲನ್ನು ಇದರ ಜೊತೆ ಸೇರಿಸಲಿಲ್ಲ. ಸೇರಿಸಿ ಉಪ್ಪು ನೀರಿನಲ್ಲಿ ತೊಳೆದರೆ ಮತ್ತೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಪ್ರಶ್ನೆ ಬರುತ್ತದೆ. ಬೇರೆ ಬೇರೆ ಒಣಗಿಸಿದೆವು. ಈ ಸಲ ಸೋಡಿಯಂ ಸಲ್ಫೇಟ್ ಮರಳಿನ ಹಾಗೆ ಓಡಾಡಿತು. ರೋಟಾವೇಪರ್‌ನಲ್ಲಿ ಆರಿಸಿದ ಮೇಲೆ ಎರಡೂ ಸೇರಿ 0.46 ಗ್ರಾಂ, ಹಸಿರು ಕಲೆಯಿರುವ ಬಿಳಿ ಪುಡಿ. ಮೊದಲಿಂದಲೇ ಮೆಲ್ಲಗೆ ತಿರುಗಿಸಿದ ಪಕ್ಕದ ಟೇಬಲ್‌ನವರಿಗೆ 0.52 ಗ್ರಾಂ ಸಿಕ್ಕಿದೆ.

ಹುಡುಗ ತನ್ನ ಪುಡಿಯನ್ನು ವಾಚ್ ಗ್ಲಾಸ್‌ನಲ್ಲಿ ಹಾಕಿ ಡೆಸಿಕೇಟರ್‌ನಲ್ಲಿ ಇಟ್ಟಿದ್ದಾನೆ. ನಾಳೆ ಬೆಳಿಗ್ಗೆ ಸಬ್ಲಿಮೇಷನ್, ಆಮೇಲೆ ಕರಗುವ ಬಿಂದು. 235 ಡಿಗ್ರಿ ದಾಟಬೇಕು. ಬೀಕರ್‌ಗಳು ಇನ್ನೂ ಸಿಂಕ್ ಪಕ್ಕದಲ್ಲೇ ಇವೆ, ಚೀಟಿ ಸಮೇತ.